ಕಾಪಿ ಶುರುವಾಗುವುದು ಹಿಂದಿನ ರಾತ್ರಿ

2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನ ಪರೀಕ್ಷಾ ಕೊಠಡಿಯ ಫೋಟೋ ದೇಶದ ತುಂಬ ಹರಿದಾಡಿತು. ಪಕ್ಕದವರ ಹಾಳೆ ಕಾಣದಿರಲಿ ಎಂದು ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬ ಹಾಕಿಸಿದ್ದರು. ಮುಂದಿನ ಬದಿ ಮಾತ್ರ ಕತ್ತರಿಸಿತ್ತು. ಪದವಿಪೂರ್ವ ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ಅದನ್ನು ನಿಲ್ಲಿಸಿದರು. ಮಕ್ಕಳಿಗೆ ಆದ ಅವಮಾನದ ಬಗ್ಗೆ ಆಗ ಸಾಕಷ್ಟು ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಪಕ್ಕದ ಹಾಳೆ ಕಂಡರೆ ಸಾಕು, ಹುಡುಗರು ಕಾಪಿ ಹೊಡೆಯುತ್ತಾರೆ ಎಂಬ ಊಹೆ ಎಷ್ಟು ಸರಿ?

ಇದಕ್ಕೆ ಉತ್ತರ ಹುಡುಕಲು ಪರೀಕ್ಷಾ ಕೊಠಡಿಗಿಂತ ಅಸೈನ್‌ಮೆಂಟ್ ಒಳ್ಳೆಯ ಜಾಗ. ಅಲ್ಲಿ ಮೇಲ್ವಿಚಾರಕರಿಲ್ಲ, ಸ್ಕ್ವಾಡ್ ಇಲ್ಲ, ನೋಡಿ ಬರೆಯುವ ಅವಕಾಶ ಎಲ್ಲರಿಗೂ ಎಲ್ಲ ದಿನವೂ ಒಂದೇ. ಹಾಗಿದ್ದೂ ಎಲ್ಲರೂ ನೋಡಿ ಬರೆಯುವುದಿಲ್ಲ. ಬರೆಯುವವರೂ ಯಾವಾಗಲೂ ಬರೆಯುವುದಿಲ್ಲ.

ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಪ್ರಿಚರ್ಡ್ ಅವರ ಗುಂಪು ಇದನ್ನು ಅಳೆಯಿತು. ಅಲ್ಲಿನ ಭೌತಶಾಸ್ತ್ರದ ವಿದ್ಯಾರ್ಥಿಗಳು ಹೋಂವರ್ಕ್ ಮಾಡುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಯಾರು ಯಾವ ಪ್ರಶ್ನೆಯನ್ನು ಎಷ್ಟು ಹೊತ್ತಿಗೆ ತೆರೆದರು, ಎಷ್ಟು ಹೊತ್ತಿನಲ್ಲಿ ಉತ್ತರ ಒಪ್ಪಿಸಿದರು ಎಂಬುದೆಲ್ಲ ದಾಖಲಾಗುತ್ತಿತ್ತು. ಬಿಡಿಸಲು ಹಲವು ನಿಮಿಷ ಬೇಕಾದ ಲೆಕ್ಕಕ್ಕೆ, ಪ್ರಶ್ನೆ ಓದಿ ಮುಗಿಸಲೂ ಸಾಲದಷ್ಟು ಹೊತ್ತಿನಲ್ಲಿ ಸರಿಯುತ್ತರ ಬಂದರೆ ಅದು ಬೇರೆಲ್ಲಿಂದಲೋ ಬಂದಿರಬೇಕು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು 11% ಉತ್ತರಗಳು ಹೀಗೆ ಕಾಪಿಯಾಗಿದ್ದವು. ಹೆಸರು ಹೇಳದೆ ತುಂಬಿದ ಸಮೀಕ್ಷೆಯಲ್ಲಿ ವಿದ್ಯಾರ್ಥಿಗಳೇ ಒಪ್ಪಿಕೊಂಡದ್ದು ಇದಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ.

ಕಾಪಿಯ ಪ್ರಮಾಣಕ್ಕಿಂತ ಅದು ನಡೆದ ಹೊತ್ತು ಹೆಚ್ಚು ಹೇಳುತ್ತದೆ. ಗಡುವು ಹತ್ತಿರವಾದಂತೆ ಕಾಪಿ ಏರುತ್ತಿತ್ತು. ಒಂದೇ ಅಸೈನ್‌ಮೆಂಟಿನಲ್ಲಿ ಕೊನೆಯ ಲೆಕ್ಕಗಳಿಗೆ ಬಂದಂತೆ ಏರುತ್ತಿತ್ತು, ಸೆಮಿಸ್ಟರ್ ಸಾಗಿದಂತೆಯೂ ಏರುತ್ತಿತ್ತು. ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಲೆಕ್ಕ ನಕಲು ಮಾಡಿದವರೇ ಹೆಚ್ಚಿನವರು. ಅವರು ಗಡುವಿನ ಹಿಂದಿನ ಮೂರು ದಿನ ಒಂದೇ ಹದದಲ್ಲಿ ಕೆಲಸ ಮಾಡಿದ್ದರು. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ನಕಲು ಮಾಡಿದವರು ಮೊದಲಿಗೆ ಪುಸ್ತಕ ತೆರೆದದ್ದೇ ಕಡಿಮೆ. ಕೋರ್ಸಿಗೆ ಸೇರುವಾಗ ಗಣಿತ, ಭೌತಶಾಸ್ತ್ರದಲ್ಲಿ ಅವರಿಗಿದ್ದ ತಯಾರಿಗೂ ಕಾಪಿಗೂ ಸಂಬಂಧ ತೀರ ಕ್ಷೀಣ, ಕೆಲವು ಅಳತೆಗಳಲ್ಲಿ ಇಲ್ಲವೇ ಇಲ್ಲ. ‘ದಡ್ಡರೇ ಕಾಪಿ ಹೊಡೀತಾರ’ ಎಂದು ಸ್ಟಾಫ್ ರೂಮಿನಲ್ಲಿ ಕೇಳಿಬರುವ ಮಾತಿಗೆ ಆಧಾರವಿಲ್ಲ. ತಡವಾಗಿ ಕೂತವರು ಕಾಪಿ ಹೊಡೆಯುತ್ತಾರೆ.

ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿ ತಡವಾಗಿ ಕೂರಲು ಕಾರಣಗಳಿಗೆ ಬರವಿಲ್ಲ. ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡುವ ದಿನ ಎಲ್ಲ ವಿಷಯಗಳಿಗೂ ಒಂದೇ ಆದ್ದರಿಂದ ಅಸೈನ್‌ಮೆಂಟುಗಳೂ ಒಂದೇ ವಾರದಲ್ಲಿ ಬಂದು ಬೀಳುತ್ತವೆ. ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿ ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ ಬರುತ್ತದೆ: ‘ಯಾರರ ಮುಗಿಸಿದ್ರ ಫೋಟೋ ಹಾಕ್ರೋ.’ ಆರು ಫೋಟೋ ಬರುತ್ತವೆ. ಬೆಳಿಗ್ಗೆ ಅರವತ್ತು ಹಾಳೆಗಳು ಮೇಷ್ಟರ ಮೇಜಿನ ಮೇಲೆ.

ಅವುಗಳಲ್ಲಿ ನಕಲು ಯಾವುದೆಂದು ತಿಳಿಯುವುದು ಸರಿಯುತ್ತರದಿಂದಲ್ಲ. ಸರಿಯುತ್ತರ ಎಲ್ಲರಿಗೂ ಒಂದೇ, ಜೊತೆಗೆ ಕೂತು ಓದಿದವರ ವಿಧಾನವೂ ಒಂದೇ ಇರಬಹುದು; ಅದು ಅಪರಾಧವಲ್ಲ. ನೋಡಬೇಕಾದದ್ದು ವಿಚಿತ್ರವಾದ ತಪ್ಪುಗಳನ್ನು. 1.37 ಎಂದಿದ್ದದ್ದನ್ನು ಒಬ್ಬ 1.31 ಎಂದು ಓದಿಕೊಂಡಿದ್ದಾನೆ, ಇನ್ನು ನಾಲ್ಕು ಹಾಳೆಗಳಲ್ಲೂ 1.31 ಇದೆ. ಅಥವಾ ನಡುವೆ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿದೆ, ಆದರೂ ಕೊನೆಯ ಉತ್ತರ ಸರಿಯಾಗಿದೆ. ಆ ಉತ್ತರ ಮೇಲಿನ ಸಾಲಿನಿಂದ ಬಂದದ್ದಲ್ಲ. ಆದರೂ ಯಾರು ಯಾರದ್ದನ್ನು ನೋಡಿದರು ಎಂದು ಇದರಿಂದ ಹೇಳಲಾಗದು. ಹಾಗಾಗಿ ಶಿಕ್ಷೆಗೆ ಇದು ಸಾಲದು, ಪ್ರಶ್ನೆ ಬದಲಿಸಲು ಸಾಕು.

ಬದಲಿಸುವುದು ಹೇಗೆ? ಬಿಎಸ್ಸಿ ಮೊದಲ ವರ್ಷದ ಒಂದು ಲೆಕ್ಕ ತೆಗೆದುಕೊಳ್ಳೋಣ. ನೀರಿನ ಟ್ಯಾಂಕಿನ ತಳದ ಬಳಿ ಸಣ್ಣ ತೂತು, ಅದರ ಮೇಲೆ ನೀರಿನ ಎತ್ತರ h. ಹೊರಬರುವ ನೀರಿನ ವೇಗ √(2gh); ಇಲ್ಲಿ g ಗುರುತ್ವ ವೇಗೋತ್ಕರ್ಷ, ಅಂದರೆ 9.8. ಎಲ್ಲರಿಗೂ ಒಂದೇ ಎತ್ತರ ಕೊಟ್ಟರೆ ಒಂದು ಫೋಟೋ ಇಡೀ ಕ್ಲಾಸಿಗೆ ಸಾಕು. ಬದಲಿಗೆ ಎತ್ತರವನ್ನು ರೋಲ್ ನಂಬರಿಗೆ ಕಟ್ಟೋಣ: 1 ಮೀಟರ್, ಅದಕ್ಕೆ ರೋಲ್ ನಂಬರಿನಷ್ಟು ಸೆಂಟಿಮೀಟರ್ ಸೇರಿಸಿ. 37ನೇ ನಂಬರಿನ ಹುಡುಗಿಗೆ 1.37 ಮೀಟರ್, ಉತ್ತರ ಸೆಕೆಂಡಿಗೆ 5.18 ಮೀಟರ್. 12ನೇ ನಂಬರಿನವನಿಗೆ 1.12 ಮೀಟರ್, ಉತ್ತರ 4.69. ಅವನ ಹಾಳೆಯಲ್ಲಿ 5.18 ಕಂಡರೆ ಹೆಚ್ಚು ಹುಡುಕಬೇಕಾಗಿಲ್ಲ. ಅರವತ್ತು ಉತ್ತರ ತಾಳೆ ನೋಡುವ ಕಷ್ಟವೂ ಇಲ್ಲ. ಎಕ್ಸೆಲ್ ಹಾಳೆಯ B ಕಾಲಮ್ಮಿನಲ್ಲಿ ರೋಲ್ ನಂಬರ್ ಇದ್ದರೆ ಈ ಒಂದು ಸಾಲನ್ನು ಕೆಳಗೆ ಎಳೆದರಾಯಿತು:

```
=SQRT(2*9.8*(1+B2/100))
```

ಆದರೆ ಇಷ್ಟಕ್ಕೇ ನಿಂತರೆ ಮೋಸ ಹೋಗುತ್ತೇವೆ. ಗೆಳೆಯನ ಸೂತ್ರಕ್ಕೆ ತನ್ನ ಸಂಖ್ಯೆ ಹಾಕಿ ಕ್ಯಾಲ್ಕುಲೇಟರ್ ಒತ್ತಲು ಎರಡು ನಿಮಿಷ ಬೇಕಿಲ್ಲ. ಅದಕ್ಕೇ ಹಾಳೆ ಒಪ್ಪಿಸಿದ ದಿನವೇ ತರಗತಿಯಲ್ಲಿ ಐದು ನಿಮಿಷದ ಒಂದು ಪ್ರಶ್ನೆ ಬೇಕು: ‘ನಿನ್ನ ಟ್ಯಾಂಕಿನಲ್ಲಿ ನೀರು ಅರ್ಧಕ್ಕೆ ಇಳಿದಾಗ ವೇಗವೂ ಅರ್ಧಕ್ಕೆ ಇಳಿಯುತ್ತದೆಯೇ? ಏಕೆ?’ ಲೆಕ್ಕವನ್ನು ತಾನೇ ಬಿಡಿಸಿದವಳಿಗೆ ವರ್ಗಮೂಲದ ನೆನಪಿರುತ್ತದೆ. ವೇಗ ಅರ್ಧವಾಗುವುದಿಲ್ಲ, ಸುಮಾರು 71% ಉಳಿಯುತ್ತದೆ, ಅವಳ 5.18 ಈಗ 3.66. ಬರಿ ಫೋಟೋ ನೋಡಿ ಬರೆದವನು ‘ಹೌದು’ ಎನ್ನುವ ಸಾಧ್ಯತೆಯೇ ಹೆಚ್ಚು. ಹತ್ತು ಅಂಕದ ಅಸೈನ್‌ಮೆಂಟಿನಲ್ಲಿ ಮನೆಯ ಹಾಳೆಗೆ ಎರಡು, ಇಂಥ ಪ್ರಶ್ನೆಗಳಿಗೆ ಎಂಟು ಅಂಕ ಇಟ್ಟರೆ ಕಾಪಿಯಿಂದ ಸಿಗುವ ಲಾಭವೇ ಕರಗುತ್ತದೆ. ನನ್ನ ದೃಷ್ಟಿಯಲ್ಲಿ ರೋಲ್ ನಂಬರಿನ ಉಪಾಯಕ್ಕಿಂತ ಇದು ಮುಖ್ಯ. ಇಲ್ಲಿ ಗೆಳೆಯರು ಒಟ್ಟಿಗೆ ಕೂತು ಕಲಿಯುವುದನ್ನು ಯಾರೂ ತಡೆಯಬೇಕಿಲ್ಲ. ಚೆನ್ನಾಗಿ ಹೇಳಿಸಿಕೊಂಡು ಬಂದವನಿಗೂ ಎಂಟು ಅಂಕ ಸಿಗಲಿ.

ಉಳಿದದ್ದು ಗಡುವು. ಆರು ಲೆಕ್ಕ ತಿಂಗಳ ಕೊನೆಗೆ ಎನ್ನುವ ಬದಲು ವಾರಕ್ಕೆ ಎರಡರಂತೆ ಮೂರು ವಾರ ಕೊಟ್ಟರೆ, ರಾತ್ರಿ ಹನ್ನೊಂದಕ್ಕೆ ಕೂತವಳಿಗೂ ಎರಡು ಲೆಕ್ಕ ಬಿಡಿಸುವಷ್ಟು ಹೊತ್ತು ಉಳಿದಿರುತ್ತದೆ. ಒಂದು ವಾರ ತಪ್ಪಿದರೂ ಹೋಗುವುದು ಸ್ವಲ್ಪವೇ ಅಂಕ, ಹೆದರಿ ನಕಲು ಮಾಡುವಷ್ಟಲ್ಲ.

ಎಂಐಟಿಯಲ್ಲಿ ಪಾಠದ ಸ್ವರೂಪವನ್ನೂ ಕಲಿಸುವ ರೀತಿಯನ್ನೂ ಬದಲಿಸಿದ ಮೇಲೆ ಕಾಪಿ 11%ರಿಂದ 3%ಕ್ಕಿಂತ ಕೆಳಗೆ ಬಂತು. ಅನುತ್ತೀರ್ಣರಾಗುವವರೂ ಕಡಿಮೆಯಾದರು, ಪದೇಪದೇ ನಕಲು ಮಾಡುವವರು ಫೇಲಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರು ಪಟ್ಟು ಎಂದು ಮೊದಲೇ ಕಂಡಿತ್ತು. ಆದರೆ ಹಲವು ಬದಲಾವಣೆ ಒಟ್ಟಿಗೆ ಆದದ್ದರಿಂದ ಯಾವುದರಿಂದ ಎಷ್ಟು ಇಳಿಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಕೈಬರಹದ ಹೋಂವರ್ಕಿನಲ್ಲಿ ಕಾಪಿ ಕಂಪ್ಯೂಟರಿನದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಎಂದು ಅದೇ ಅಧ್ಯಯನದ ಸಮೀಕ್ಷೆ ಹೇಳುತ್ತದೆ. ನಮ್ಮ ಅಸೈನ್‌ಮೆಂಟುಗಳು ಬಹುಪಾಲು ಕೈಬರಹದವು.

ಇದರಲ್ಲಿ ಒಬ್ಬ ಮೇಷ್ಟರಿಂದ ಆಗದ್ದು ಒಂದಿದೆ. ನಾನು ಗಡುವನ್ನು ಮೂರು ವಾರಕ್ಕೆ ಹಂಚಿದರೂ ಗಣಿತದವರು, ರಸಾಯನಶಾಸ್ತ್ರದವರು ತಮ್ಮದನ್ನು ಅದೇ ಸೋಮವಾರಕ್ಕೆ ಇಟ್ಟರೆ ರಾತ್ರಿ ಮತ್ತೆ ಒತ್ತಡದ್ದೇ. ಸೆಮಿಸ್ಟರ್ ಶುರುವಾಗುವ ಮೊದಲೇ ಎಲ್ಲ ವಿಭಾಗದವರು ಕೂತು ಒಂದೇ ಕ್ಯಾಲೆಂಡರಿನಲ್ಲಿ ತಮ್ಮ ತಮ್ಮ ದಿನ ಗುರುತು ಹಾಕಿಕೊಳ್ಳಬೇಕು. ಒಂದು ಮಧ್ಯಾಹ್ನದ ಕೆಲಸ ಅದು, ಕರೆಯಬೇಕಾದವರು ಪ್ರಾಂಶುಪಾಲರು.