ಗುಡುಗಿಗೆ ಹೆದರಿದವರು ಕರ್ತೃವೋ, ಕರ್ಮವೋ: ಥೀಮ್ಯಾಟಿಕ್ ಪಾತ್ರಗಳ ಪರಿಚಯ

ಒಂದು ವಾಕ್ಯದಲ್ಲಿ ಯಾರು ಮಾಡಿದರು, ಯಾವುದಕ್ಕೆ ಏನಾಯಿತು, ಯಾರಿಗೆ ಅನಿಸಿತು ಎಂದು ಗುರುತಿಸುವ ಹೆಸರುಗಳಿಗೆ ಭಾಷಾವಿಜ್ಞಾನದಲ್ಲಿ ಥೀಮ್ಯಾಟಿಕ್ ಪಾತ್ರಗಳು ಎನ್ನುತ್ತಾರೆ. ಬೇಕೆಂದು ಕೆಲಸ ಮಾಡುವವರು ಏಜೆಂಟ್. ಆ ಕೆಲಸದಿಂದ ಸ್ಥಿತಿ ಬದಲಾಗುವುದು ಪೇಷಂಟ್. ಮನಸ್ಸಿಗೋ ಮೈಗೋ ಏನಾದರೂ ಅನಿಸುವವರು ಅನುಭವಿ. ‘ಗಿರಿಜಕ್ಕ ಬಂಗುಡೆಯನ್ನು ಕತ್ತರಿಸಿದರು’ ಎಂಬಲ್ಲಿ ಗಿರಿಜಕ್ಕ ಏಜೆಂಟ್, ಬಂಗುಡೆ ಪೇಷಂಟ್. ಇಷ್ಟರವರೆಗೆ ತಕರಾರಿಲ್ಲ.

ಈ ಪಾತ್ರಗಳನ್ನು ವಿಭಕ್ತಿಯ ಜೊತೆ ಬೆರೆಸಿದಲ್ಲೇ ಎಡವಟ್ಟು ಶುರು. ‘ಗಿರಿಜಕ್ಕ ಬಂಗುಡೆಯನ್ನು ನೋಡಿದರು’ ಎಂದಾಗಲೂ ಬಂಗುಡೆಗೆ ‘ಅನ್ನು’ ಪ್ರತ್ಯಯ ಇದೆ, ಆದರೆ ‘ಬಂಗುಡೆಗೆ ಏನಾಯಿತು?’ ಎಂದು ಕೇಳಿದರೆ ಉತ್ತರ ಇಲ್ಲ. ನೋಡಿದ್ದರಿಂದ ಮೀನಿಗೆ ಏನೂ ಆಗಲಿಲ್ಲ. ಹಾಗಾಗಿ ಶಾಲೆಯಲ್ಲಿ ಕಲಿತ ಕರ್ಮವೂ ಇಲ್ಲಿನ ಪೇಷಂಟೂ ಒಂದೇ ಅಲ್ಲ. ಏಜೆಂಟ್‌ಗೆ ‘ಬೇಕೆಂದೇ’ ಎಂಬ ಪದವನ್ನು ಸೇರಿಸಿ ನೋಡುವ ಪರೀಕ್ಷೆ ಇದೆ. ‘ಗಿರಿಜಕ್ಕ ಬೇಕೆಂದೇ ಕತ್ತರಿಸಿದರು’ ಸರಿಹೋಗುತ್ತದೆ. ‘ಗಾಳಿ ಬೇಕೆಂದೇ ತೆಂಗಿನಮರವನ್ನು ಉರುಳಿಸಿತು’ ಎನ್ನಲಾಗದು. ಹಾಗಂತ ಮರ ಉರುಳಲು ಗಾಳಿ ಕಾರಣವಲ್ಲ ಎನ್ನುವುದಕ್ಕೂ ಆಗದು. ಇಚ್ಛೆಯೇ ಮುಖ್ಯ ಎಂದರೆ ಗಾಳಿ ಹೊರಗೆ, ಕಾರಣವೇ ಮುಖ್ಯ ಎಂದರೆ ಒಳಗೆ. ಕೆಲವರು ಗಾಳಿಗೆಂದೇ ‘ಶಕ್ತಿ’ ಎಂಬ ಬೇರೆ ಪಾತ್ರ ಮಾಡಿದರು. ಹೀಗೆ ತೊಡಕು ಬಂದಲ್ಲೆಲ್ಲ ಒಂದು ಹೊಸ ಪಾತ್ರ ಸೇರಿಸುತ್ತ ಹೋದರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಅನುಭವಿ. ಒಂದೇ ಮಳೆಗಾಲದ ಸಂಜೆಯ ಸಂಗತಿಯನ್ನು ಮೂರು ಬಗೆಯಲ್ಲಿ ಹೇಳಬಹುದು:

ಗಿರಿಜಕ್ಕ ಗುಡುಗಿಗೆ ಹೆದರಿದರು.
ಗಿರಿಜಕ್ಕನಿಗೆ ಗುಡುಗಿನಿಂದ ಹೆದರಿಕೆ ಆಯಿತು.
ಗುಡುಗು ಗಿರಿಜಕ್ಕನನ್ನು ಹೆದರಿಸಿತು.

ಹೆದರಿದ್ದು ಅವರೇ, ಆದರೆ ಅವರು ಮೊದಲ ವಾಕ್ಯದಲ್ಲಿ ಪ್ರಥಮೆಯಲ್ಲಿ, ಎರಡರಲ್ಲಿ ಚತುರ್ಥಿಯಲ್ಲಿ, ಮೂರರಲ್ಲಿ ದ್ವಿತೀಯೆಯಲ್ಲಿ ಇದ್ದಾರೆ. ಅನುಭವಿಗೆ ಒಂದೇ ಗೊತ್ತಾದ ಜಾಗ ಇಲ್ಲ. ಆಜ್ಞೆಯ ಪರೀಕ್ಷೆಯೂ ಇಲ್ಲಿ ಸೋರುತ್ತದೆ. ‘ಕತ್ತರಿಸು’ ಎಂದು ಆಜ್ಞೆ ಮಾಡಬಹುದಾದ್ದರಿಂದ ಅದು ಏಜೆಂಟ್‌ನ ಕ್ರಿಯೆ ಎನ್ನುತ್ತಾರೆ. ಹಾಗಾದರೆ ‘ಹೆದರಬೇಡ’ ಎಂದು ದಿನಾ ಹೇಳುತ್ತೇವಲ್ಲ? ಹೆದರುವುದು ಯಾರ ಇಚ್ಛೆಯಲ್ಲೂ ಇಲ್ಲ.

ಪಾಣಿನಿ ಇಂಥ ಕಡೆ ಸಾಮಾನ್ಯ ಲಕ್ಷಣದ ಮೇಲೆ ಎಲ್ಲ ಭಾರ ಹಾಕಲಿಲ್ಲ. ಕರ್ತೃವಿಗೆ ‘ಸ್ವತಂತ್ರಃ ಕರ್ತಾ’ (1.4.54) ಎಂಬ ಚಿಕ್ಕ ಸೂತ್ರ ಇಟ್ಟ. ಭಯದ, ರಕ್ಷಣೆಯ ಧಾತುಗಳಿಗೆ ಬೇರೆ ಸೂತ್ರ (1.4.25) ಬರೆದು, ಭಯಕ್ಕೆ ಕಾರಣವಾದದ್ದು ಅಪಾದಾನ, ಅಂದರೆ ಯಾವುದರಿಂದ ದೂರ ಸರಿಯುತ್ತೇವೋ ಅದು, ಎಂದ. ರುಚಿಸುವ ಅರ್ಥದ ಧಾತುಗಳಲ್ಲಿ ಸಂತೋಷಪಡುವವ ಸಂಪ್ರದಾನ, ಅಂದರೆ ಕೊಟ್ಟದ್ದನ್ನು ಪಡೆಯುವವನ ಪಾತ್ರ, ಎನ್ನುವುದಕ್ಕೂ ಪ್ರತ್ಯೇಕ ಸೂತ್ರ (1.4.33) ಇದೆ. ಧಾತುಗಳ ಗುಂಪು ನೋಡಿ ಪಾತ್ರ ಹಂಚಿದ ಈ ದಾರಿ ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ.

1991ರಲ್ಲಿ ಭಾಷಾವಿಜ್ಞಾನಿ ಡೇವಿಡ್ ಡೌಟಿ ಇನ್ನೊಂದು ದಾರಿ ಹಿಡಿದರು. ಪಾತ್ರ ಎಂದರೆ ಗಡಿ ಹಾಕಿದ ವರ್ಗವಲ್ಲ, ಕ್ರಿಯಾಪದದ ಅರ್ಥದಿಂದಲೇ ಹೊರಡುವ ಲಕ್ಷಣಗಳ ಗೊಂಚಲು ಎಂದರು. ಇಚ್ಛೆ, ಪ್ರಜ್ಞೆ, ಕಾರಣವಾಗುವುದು, ಚಲಿಸುವುದು ಏಜೆಂಟ್ ಕಡೆ. ಸ್ಥಿತಿ ಬದಲಾಗುವುದು, ಇನ್ನೊಂದರ ಪರಿಣಾಮಕ್ಕೆ ಒಳಗಾಗುವುದು ಪೇಷಂಟ್ ಕಡೆ. ಏಜೆಂಟ್ ಲಕ್ಷಣ ಹೆಚ್ಚಿರುವುದು ವಾಕ್ಯದ ಕರ್ತೃವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಲೆಕ್ಕ ಹಾಕಿ: ಗಿರಿಜಕ್ಕನಿಗೆ ಪ್ರಜ್ಞೆ ಇದೆ, ಗುಡುಗಿಗೆ ಇಲ್ಲ. ಗುಡುಗು ಕಾರಣ, ಗಿರಿಜಕ್ಕ ಅಲ್ಲ. ಒಂದಕ್ಕೊಂದು ಸರಿಸಮ. ಹಾಗಾಗಿಯೇ ‘ಹೆದರು’, ‘ಹೆದರಿಸು’ ಎರಡೂ ಬಗೆಯ ಕ್ರಿಯಾಪದಗಳಿಗೆ ಅವಕಾಶ. ಹೆದರಿಸಿದಾಗ ಗಿರಿಜಕ್ಕನ ಮನಃಸ್ಥಿತಿ ಬದಲಾಯಿತು ಎಂಬ ಪೇಷಂಟ್ ಲಕ್ಷಣವೂ ಕೂಡಿಕೊಳ್ಳುವುದರಿಂದ ಅವರು ‘ಅನ್ನು’ ಪ್ರತ್ಯಯದ ಕಡೆ ವಾಲುತ್ತಾರೆ.

ಲೆಕ್ಕ ಚಂದ ಇದೆ, ಆದರೆ ಅದು ಮುಖ್ಯವಾಗಿ ಕರ್ತೃ, ಕರ್ಮದ ಜಾಗ ಯಾರಿಗೆ ಎಂದು ಹೇಳುವ ಲೆಕ್ಕ. ನಮ್ಮ ಎರಡನೆಯ ವಾಕ್ಯದ ‘ಗೆ’ ಎಲ್ಲಿಂದ ಬಂತು ಎಂಬುದಕ್ಕೆ ಅದರಲ್ಲಿ ನೇರ ಉತ್ತರ ಇಲ್ಲ. ಅದಕ್ಕೆಂದು ‘ಗೆ ಇದ್ದಲ್ಲಿ ಅನುಭವಿ’ ಎಂಬ ಸೂತ್ರ ಮಾಡಿಕೊಂಡರೆ ಅದೂ ಕೈಕೊಡುತ್ತದೆ. ಮಂಗಳೂರು, ಉಡುಪಿ ಕಡೆಯ ಮಾತನ್ನೇ ನೋಡಿ: ‘ನಂಗೆ ನಾಳೆ ಉಡುಪಿಗೆ ಹೋಗ್ಲಿಕ್ಕುಂಟು.’ ಇಲ್ಲಿ ಎರಡು ‘ಗೆ’. ಉಡುಪಿಯದ್ದು ತಲುಪುವ ಜಾಗ. ‘ನಂಗೆ’ ಎಂದವರು ಬಸ್ ಹತ್ತಿ ಬೇಕೆಂದೇ ಹೋಗುವವರು, ಅಂದರೆ ಪಕ್ಕಾ ಏಜೆಂಟ್. ತುಳುವಿನಲ್ಲೂ ‘ಎಂಕ್ ಪೋವರೆ ಉಂಡು’ ಎಂದು ಇದೇ ಚತುರ್ಥಿ.

ಇದನ್ನು ಬಿಡಿಸಲು ಕ್ರಿಯಾಪದಗಳನ್ನು ಬೇರೆಬೇರೆ ಮಾಡಬೇಕು. ಏಜೆಂಟ್ ಪಾತ್ರ ಬಂದದ್ದು ‘ಹೋಗು’ ಎಂಬುದರಿಂದ. ‘ಗೆ’ ಬಂದದ್ದು ಹೋಗುವ ಹೊಣೆಯನ್ನು ಒಬ್ಬರ ಮೇಲೆ ಇರಿಸುವ ‘ಉಂಟು’ವಿನಿಂದ. ‘ಉಂಟು’ ತೆಗೆದು ‘ಹೋಗು’ ಒಂದನ್ನೇ ಉಳಿಸಿದರೆ ‘ನಾನು ನಾಳೆ ಉಡುಪಿಗೆ ಹೋಗುತ್ತೇನೆ’ ಎಂದಾಗಿ, ಚತುರ್ಥಿ ಹೋಗಿ ಪ್ರಥಮೆ ಬರುತ್ತದೆ. ಹೋಗುವವರ ಪಾತ್ರ ಮಾತ್ರ ಹಾಗೇ ಇರುತ್ತದೆ.