ಓದುಗರ ಪ್ರಶ್ನೆ: ಮೇಲ್‌ನಲ್ಲಿ ನಾನು ಕೇಳಿದ್ದೊಂದು, ಅವರು ಮಾಡಿದ್ದೊಂದು. ತಪ್ಪು ಯಾರದು?

ಪ್ರಶ್ನೆ: ನಾನು ಒಂದು ಸಹಕಾರ ಸಂಘದ ಮುಖ್ಯ ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಶಾಖೆಯ ಗುಮಾಸ್ತರಿಗೆ ಕೆಳಗಿನ ಮೇಲ್ ಕಳಿಸಿದ್ದೆ. ಅವರು ಬಿಲ್‌ಗಳನ್ನು ಶನಿವಾರ ಸಂಜೆ ಕಳಿಸಿದರು. ಮೊತ್ತ ಕೂಡಿ ನೋಡಿರಲೇ ಇಲ್ಲ. ಕೇಳಿದರೆ "ನೀವು ಹಾಗೇ ಬರೆದಿದ್ರಲ್ಲ ಸರ್" ಅಂದರು. ನನಗಂತೂ ಮೇಲ್ ಸ್ಪಷ್ಟವಾಗಿಯೇ ಕಾಣುತ್ತದೆ. ತಪ್ಪು ನನ್ನದಾ, ಅವರದಾ?

> ನಮಸ್ಕಾರ. ಶುಕ್ರವಾರದೊಳಗೆ ಬಂದ ಬಿಲ್‌ಗಳನ್ನು ಕಳಿಸಿಕೊಡಿ. ನಿನ್ನೆ ಕಳಿಸಿದ ಪಟ್ಟಿಯಲ್ಲಿ ಜನರೇಟರ್ ಬಿಲ್ ಇಲ್ಲ, ಅದನ್ನು ಸರಿಪಡಿಸಬೇಕು. ಮೊತ್ತ ಪರಿಶೀಲಿಸಿ ನಾನು ಆಡಿಟರಿಗೆ ಕಳಿಸುತ್ತೇನೆ. ಮ್ಯಾನೇಜರ್ ಆಡಿಟರ್ ಜೊತೆ ಮಾತಾಡಿದ್ದಾರೆ, ಅವರು ಒಪ್ಪಿದ ಮೇಲೆ ಚೆಕ್‌ಗೆ ಸಹಿ ಹಾಕಿಸಿ.

ಉತ್ತರ: ಗುಮಾಸ್ತರ ಪರವಾಗಿಯೇ ಹೇಳಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಅವರು ನಿಮ್ಮ ಮೇಲ್‌ನಲ್ಲಿ ಇದ್ದದ್ದನ್ನೇ ಮಾಡಿದ್ದಾರೆ. ನಿಮಗೆ ಅದು ಸ್ಪಷ್ಟವಾಗಿ ಕಾಣಲು ಕಾರಣ, ಯಾರು ಏನು ಮಾಡಬೇಕು ಅನ್ನೋದು ನಿಮ್ಮ ತಲೆಯಲ್ಲಿ ಮೊದಲೇ ಇತ್ತು. ಕಾಗದದ ಮೇಲೆ ಇರಲಿಲ್ಲ.

ಮೊದಲು ಶನಿವಾರದ ವಿಷಯ ನೋಡೋಣ. "ಶುಕ್ರವಾರದೊಳಗೆ ಬಂದ ಬಿಲ್‌ಗಳನ್ನು ಕಳಿಸಿಕೊಡಿ" ಎಂದು ಬರೆದಿದ್ದೀರಿ. ಕನ್ನಡದಲ್ಲಿ ಯಾವಾಗ, ಎಲ್ಲಿ, ಹೇಗೆ ಎಂದು ಹೇಳುವ ಮಾತು ಮೊದಲು ಬರುತ್ತದೆ, ಕ್ರಿಯಾಪದ ಆಮೇಲೆ ಬರುತ್ತದೆ. ಹಾಗಾಗಿ ಓದುವವರ ಮನಸ್ಸು "ಶುಕ್ರವಾರದೊಳಗೆ" ಎಂಬುದನ್ನು ಮುಂದೆ ಸಿಗುವ ಮೊದಲ ಕ್ರಿಯೆಗೆ ಸೇರಿಸಿಬಿಡುತ್ತದೆ. ನಿಮ್ಮ ವಾಕ್ಯದಲ್ಲಿ ಮೊದಲು ಸಿಗುವುದು "ಬಂದ". ಅಂದರೆ ಶುಕ್ರವಾರ ಮುಗಿಯುವ ತನಕ ಬರುವ ಬಿಲ್‌ಗಳೆಲ್ಲ ಬೇಕು ಎಂದಾಯಿತು. ಶುಕ್ರವಾರ ಸಂಜೆಯವರೆಗೆ ಕಾದು ಶನಿವಾರ ಕಳಿಸಿದವರನ್ನು ಬೈಯುವುದು ಹೇಗೆ? ನೀವು ಕೇಳಬೇಕಾಗಿದ್ದದ್ದು "ಬಂದ ಬಿಲ್‌ಗಳನ್ನು ಶುಕ್ರವಾರದೊಳಗೆ ಕಳಿಸಿಕೊಡಿ" ಎಂದು. ಒಂದು ಪದ ಎರಡು ಹೆಜ್ಜೆ ಮುಂದೆ ಹೋದರೆ ಸಾಕಿತ್ತು. ಯಾವ ಕೆಲಸಕ್ಕೆ ಗಡುವೋ ಆ ಕೆಲಸದ ಪಕ್ಕದಲ್ಲೇ ದಿನವನ್ನು ಕೂರಿಸಿ.

ಗುಣ ಹೇಳುವ ಪದಗಳದ್ದೂ ಇದೇ ಕಥೆ. "ಹೊಸ ಶಾಖೆಯ ರಿಜಿಸ್ಟರ್ ಕಳಿಸಿ" ಅಂದರೆ ಹೊಸದು ಶಾಖೆಯೋ ರಿಜಿಸ್ಟರೋ? ರಿಜಿಸ್ಟರ್ ಹೊಸದಾದರೆ "ಶಾಖೆಯ ಹೊಸ ರಿಜಿಸ್ಟರ್" ಅಂದರೆ ಮುಗಿಯಿತು.

ಈಗ ಮೊತ್ತದ ವಿಷಯಕ್ಕೆ ಬರೋಣ. ನಿಮ್ಮ ಮೇಲ್‌ನಲ್ಲಿ ಅತಿ ದೊಡ್ಡ ಗುಂಡಿ ಇರುವುದು ಇಲ್ಲೇ, ಕನ್ನಡದಲ್ಲಿ ಮೇಲ್ ಬರೆಯುವ ಎಲ್ಲರೂ ಇದರಲ್ಲಿ ಒಂದಲ್ಲ ಒಂದು ಸಲ ಬೀಳುತ್ತಾರೆ. "ಮೊತ್ತ ಪರಿಶೀಲಿಸಿ ನಾನು ಆಡಿಟರಿಗೆ ಕಳಿಸುತ್ತೇನೆ." ಇಲ್ಲಿ ಪರಿಶೀಲಿಸುವವರು ಯಾರು? ನೀವು ಹೇಳಹೊರಟದ್ದು "ನೀವು ಪರಿಶೀಲಿಸಿ, ಆಮೇಲೆ ನಾನು ಕಳಿಸುತ್ತೇನೆ" ಎಂದು. ಗುಮಾಸ್ತರು ಓದಿದ್ದು "ನಾನೇ ಪರಿಶೀಲಿಸಿಕೊಂಡು ಕಳಿಸುತ್ತೇನೆ" ಎಂದು. ಸದ್ಯ ಯಾರೋ ಒಂದು ಕೆಲಸ ಕಡಿಮೆ ಮಾಡಿದರು ಎಂದು ಅವರಿಗೆ ಖುಷಿಯೇ ಆಗಿರಬೇಕು!

ಸಮಸ್ಯೆ ಹುಟ್ಟುವುದು "ಪರಿಶೀಲಿಸಿ" ಎಂಬ ರೂಪದಲ್ಲಿ. ಅದು ಎರಡು ಕೆಲಸ ಮಾಡುತ್ತದೆ. ಒಂದು, ಎದುರಿಗಿರುವವರಿಗೆ ಮರ್ಯಾದೆಯಿಂದ ಹೇಳುವ ಮಾತು: ನೀವು ಪರಿಶೀಲಿಸಿ. ಇನ್ನೊಂದು, ಮುಂದಿನ ಕ್ರಿಯೆಗೆ ಮೊದಲು ನಡೆದ ಕೆಲಸವನ್ನು ಹೇಳುವ ಕೃದಂತ: ಪರಿಶೀಲಿಸಿ ಕಳಿಸಿದೆ, ಅಂದರೆ ಪರಿಶೀಲಿಸಿ ಆದ ಮೇಲೆ ಕಳಿಸಿದೆ. ಮಾಡಿ, ಕಳಿಸಿ, ನೋಡಿ, ಕೇಳಿ, ಹೇಳಿ, ತಿದ್ದಿ, ಸೇರಿಸಿ ಎಲ್ಲವೂ ಹೀಗೆಯೇ. ಕಚೇರಿಯ ಮೇಲ್‌ಗಳಲ್ಲಿ ಜಾಸ್ತಿ ಓಡಾಡುವುದು ಇವೇ ಪದಗಳು, ಅಲ್ವಾ? ಎಲ್ಲ ಕ್ರಿಯಾಪದಗಳಿಗೂ ಈ ಕಾಟ ಇಲ್ಲ. "ಕೊಡಿ" ಬೇರೆ, "ಕೊಟ್ಟು" ಬೇರೆ. "ಬನ್ನಿ" ಬೇರೆ, "ಬಂದು" ಬೇರೆ. "ಬಿಲ್ ತಂದು ನಾನು ಕಳಿಸುತ್ತೇನೆ" ಅಂದರೆ ತರುವವನೂ ನಾನೇ, ಅನುಮಾನವೇ ಇಲ್ಲ.

ಮಾತಿನಲ್ಲಾದರೆ ದನಿ ನಮ್ಮನ್ನು ಕಾಪಾಡುತ್ತದೆ. "ಮೊತ್ತ ಪರಿಶೀಲಿಸಿ" ಎಂದು ದನಿ ಇಳಿಸಿ, ಒಂದು ಕ್ಷಣ ನಿಲ್ಲಿಸಿ, ಎದುರಿನವರ ಮುಖ ನೋಡಿ "ನಾನು ಕಳಿಸ್ತೀನಿ" ಅನ್ನುತ್ತೇವೆ. ಮೇಲ್‌ನಲ್ಲಿ ಆ ನಿಲುಗಡೆಯ ಜಾಗಕ್ಕೆ ಒಂದು ಅಲ್ಪವಿರಾಮ ಹಾಕಬಹುದು: "ಮೊತ್ತ ಪರಿಶೀಲಿಸಿ, ನಾನು ಕಳಿಸುತ್ತೇನೆ." ಆದರೆ ಯಾರು ಯಾವ ಕೆಲಸ ಮಾಡಬೇಕು ಅನ್ನೋದನ್ನು ಒಂದು ಸಣ್ಣ ಗೀಟಿನ ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಮೊಬೈಲ್‌ನಲ್ಲಿ ಓಡುತ್ತಾ ಓದುವವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ವಾಕ್ಯವನ್ನೇ ಎರಡು ಮಾಡಿ: "ಮೊತ್ತವನ್ನು ನೀವು ಪರಿಶೀಲಿಸಿ. ಆಮೇಲೆ ನಾನು ಆಡಿಟರಿಗೆ ಕಳಿಸುತ್ತೇನೆ." ನೀವೇ ಪರಿಶೀಲಿಸುವುದಾದರೆ "ಮೊತ್ತವನ್ನು ನಾನೇ ಪರಿಶೀಲಿಸಿ ಕಳಿಸುತ್ತೇನೆ" ಎನ್ನಿ. "ನಾನೇ" ಎಂಬುದನ್ನು ಮೊದಲ ಕ್ರಿಯೆಗಿಂತ ಹಿಂದೆ ತಂದರೆ ಎರಡೂ ಕೆಲಸ ಅದರ ಕೈಗೆ ಬರುತ್ತವೆ.

ಕೆಲಸ ಮಾಡುವವರೇ ಕಾಣೆಯಾಗುವ ವಾಕ್ಯ ಇದಕ್ಕಿಂತ ಕಷ್ಟ. "ಬಿಲ್‌ಗಳನ್ನು ಪರಿಶೀಲಿಸಿ ಚೆಕ್ ಕಳಿಸಲಾಗುವುದು" ಎಂದು ಒಂದು ಕಚೇರಿ ಬರೆಯಿತು ಎಂದುಕೊಳ್ಳಿ. ಶಾಖೆಯವರು ಮುಖ್ಯ ಕಚೇರಿ ಪರಿಶೀಲಿಸುತ್ತದೆ ಎಂದು ಕಾಯುತ್ತಾರೆ. ಮುಖ್ಯ ಕಚೇರಿ ಶಾಖೆಯ ಉತ್ತರಕ್ಕೆ ಕಾಯುತ್ತದೆ. ಬಿಲ್ ಕೊಟ್ಟ ಅಂಗಡಿಯವರು ಇಬ್ಬರಿಗೂ ಫೋನ್ ಮಾಡುತ್ತಾರೆ. "ಪರಿಶೀಲಿಸಿ" ಎಂಬ ಕೃದಂತಕ್ಕೆ ಒಬ್ಬ ಯಜಮಾನ ಬೇಕು, ಸಾಮಾನ್ಯವಾಗಿ ವಾಕ್ಯದ ಕೊನೆಯ ಕ್ರಿಯೆ ಯಾರದ್ದೋ ಅವರೇ ಇದರ ಯಜಮಾನ. "ಕಳಿಸಲಾಗುವುದು" ಅಂದಾಗ ಆ ಯಜಮಾನನೇ ಇಲ್ಲ, ಕೃದಂತ ಗಾಳಿಯಲ್ಲಿ ತೂಗಾಡುತ್ತದೆ. "ದಾಖಲೆ ಪರಿಶೀಲಿಸಿ ಹಣ ಬಿಡುಗಡೆಯಾಗುತ್ತದೆ" ಎಂಬುದೂ ಇದೇ ಜಾತಿ. ಹಣ ದಾಖಲೆ ಪರಿಶೀಲಿಸುವುದಿಲ್ಲವಲ್ಲ! "ಶಾಖೆಯವರು ದಾಖಲೆ ಪರಿಶೀಲಿಸಿದ ಮೇಲೆ ನಾವು ಹಣ ಬಿಡುಗಡೆ ಮಾಡುತ್ತೇವೆ" ಎಂದರೆ ಇಬ್ಬರಿಗೂ ತಂತಮ್ಮ ಕೆಲಸ ಗೊತ್ತಾಗುತ್ತದೆ. ಎರಡು ಕೆಲಸಕ್ಕೆ ಇಬ್ಬರು ಇದ್ದಾಗ "ಪರಿಶೀಲಿಸಿ" ಸಾಲದು, "ಪರಿಶೀಲಿಸಿದ ಮೇಲೆ" ಬೇಕು. ಅದರ ಹಿಂದೆ ಮಾಡುವವರ ಹೆಸರೂ ಬೇಕು.

ಹಾಗಂತ ಪ್ರತಿ ಕ್ರಿಯೆಯ ಮುಂದೆಯೂ "ನೀವು" ಅಂಟಿಸುತ್ತಾ ಹೋಗಬೇಡಿ. "ಬಿಲ್ ನೋಡಿ, ಮೊತ್ತ ಕೂಡಿ, ಸೀಲ್ ಹಾಕಿ ಕಳಿಸಿ" ಎಂಬ ವಾಕ್ಯದಲ್ಲಿ ಎಲ್ಲವನ್ನೂ ಮಾಡುವವರು ಒಬ್ಬರೇ. ಅಲ್ಲಿ ಯಾವ ಗೊಂದಲವೂ ಇಲ್ಲ. ಪ್ರತಿ ತುಂಡಿಗೂ ನೀವು, ನೀವು ಎಂದರೆ ಬೈದ ಹಾಗೆ ಕೇಳುತ್ತದೆ. ಮಾಡುವವರು ಬದಲಾಗುವ ಜಾಗದಲ್ಲಿ ಮಾತ್ರ ಹೇಳಿದರೆ ಸಾಕು.

"ನಿನ್ನೆ ಕಳಿಸಿದ ಪಟ್ಟಿ" ಎಂಬಲ್ಲೂ ಮಾಡುವವರು ಇಲ್ಲ. ಕಳಿಸಿದೆ, ಕಳಿಸಿದರು ಎಂದಿದ್ದರೆ ಯಾರು ಎಂದು ಕ್ರಿಯಾಪದವೇ ಹೇಳುತ್ತಿತ್ತು. "ಕಳಿಸಿದ" ಎಂಬುದು ನಾನು, ನೀವು, ಅವರು ಎಲ್ಲರಿಗೂ ಒಂದೇ. ನಿನ್ನೆ ನೀವೂ ಒಂದು ಪಟ್ಟಿ ಕಳಿಸಿ ಅವರೂ ಒಂದು ಕಳಿಸಿದ್ದರೆ ಮುಗಿಯಿತು. "ನೀವು ನಿನ್ನೆ ಕಳಿಸಿದ ಪಟ್ಟಿ" ಎನ್ನಿ.

ಅದರ ಬೆನ್ನಿಗೇ "ಅದನ್ನು ಸರಿಪಡಿಸಬೇಕು" ಎಂದಿದ್ದೀರಿ. ಅದು ಅಂದರೆ ಪಟ್ಟಿಯೋ ಜನರೇಟರ್ ಬಿಲ್ಲೋ? ಹತ್ತಿರದಲ್ಲಿ ಇರುವುದು ಬಿಲ್. ಬಿಲ್‌ನಲ್ಲೇ ಏನೋ ತಪ್ಪಿದೆ ಎಂದುಕೊಂಡು ಅಂಗಡಿಯವರ ಹತ್ತಿರ ಹೊಸ ಬಿಲ್ ಕೇಳಲು ಹೋದರೂ ಆಶ್ಚರ್ಯವಿಲ್ಲ. ಇನ್ನು "ಬೇಕು" ಎಂಬುದಕ್ಕೂ ನಾನು, ನೀವು ಎಂಬ ಭೇದ ಇಲ್ಲ. "ಪಟ್ಟಿಗೆ ಜನರೇಟರ್ ಬಿಲ್ ಸೇರಿಸಿ ಇನ್ನೊಮ್ಮೆ ಕಳಿಸಿ" ಎಂದರೆ ಯಾವುದನ್ನು, ಯಾರು, ಹೇಗೆ ಮೂರೂ ಬಂತು. ಒಂದೇ ಪದ ಎರಡು ಸಲ ಬಂದರೆ ಚೆನ್ನಾಗಿರೋದಿಲ್ಲ ಎಂದು ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಕಲಿತಿರುತ್ತೇವೆ. ಕೆಲಸದ ಮೇಲ್‌ಗೆ ಆ ಪಾಠ ಬೇಡ. ಪಟ್ಟಿ, ಪಟ್ಟಿ, ಪಟ್ಟಿ ಎಂದು ಮೂರು ಸಲ ಬರೆದರೂ ಯಾರೂ ನಿಮ್ಮ ಅಂಕ ಕಳೆಯುವುದಿಲ್ಲ.

ಕೊನೆಯ ವಾಕ್ಯದ "ಅವರು" ಇನ್ನೂ ಜಾರುವ ಜಾಗ. ಮರ್ಯಾದೆ ಕೊಟ್ಟು ಮಾತಾಡುವಾಗ ಗಂಡಸು, ಹೆಂಗಸು, ಒಬ್ಬರು, ಹಲವರು ಎಲ್ಲರೂ "ಅವರು". ಮ್ಯಾನೇಜರ್ ಹೆಂಗಸು, ಆಡಿಟರ್ ಗಂಡಸು ಆದರೂ ಈ ಪದದಿಂದ ಏನೂ ತಿಳಿಯದು. ಒಪ್ಪಬೇಕಾದವರು ಮ್ಯಾನೇಜರೋ, ಆಡಿಟರೋ, ಇಬ್ಬರೂನೋ? ಜೊತೆಗೆ ಸಹಿ ಯಾರ ಕೈಯಲ್ಲಿ ಹಾಕಿಸಬೇಕು ಎಂದೂ ಇಲ್ಲ. ಹುದ್ದೆಯ ಹೆಸರನ್ನೇ ಮತ್ತೆ ಬರೆಯಿರಿ.

ನಿಮ್ಮ ಮೇಲ್‌ನಲ್ಲಿ ಇಲ್ಲದ ಒಂದು ಪದದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಕಚೇರಿ ಕನ್ನಡದಲ್ಲಿ ಅದು ತುಂಬಾ ಬರುತ್ತದೆ. "ಮ್ಯಾನೇಜರ್ ಸೋಮವಾರ ತಮ್ಮ ಕಚೇರಿಯಲ್ಲಿ ಇರುತ್ತಾರೆ, ಬಂದು ಕಾಣಿ." ತಮ್ಮ ಅಂದರೆ ಮ್ಯಾನೇಜರ ಸ್ವಂತದ್ದೂ ಆಗಬಹುದು, ಓದುವವರನ್ನು ಗೌರವದಿಂದ ಕರೆದದ್ದೂ ಆಗಬಹುದು. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ ಕಾಯಲು ಇಷ್ಟು ಸಾಕು. ತಾವು, ತಮ್ಮ ಎಂದೇ ಬರೆಯುವ ಅಭ್ಯಾಸ ಇದ್ದರೆ ಇಂಥ ಕಡೆ ಮಾತ್ರ "ನಿಮ್ಮ" ಎನ್ನಿ ಅಥವಾ "ಮುಖ್ಯ ಕಚೇರಿ" ಎನ್ನಿ. "ನಿಮ್ಮ" ಅಂದರೆ ಗೌರವ ಕಡಿಮೆಯಾಗುವುದಿಲ್ಲ.

ನಿಮ್ಮ ಮೇಲ್ ಹೀಗಿದ್ದರೆ ಆಗುತ್ತಿತ್ತು:

> ನಮಸ್ಕಾರ. ಇದುವರೆಗೆ ಬಂದಿರುವ ಬಿಲ್‌ಗಳನ್ನು ಶುಕ್ರವಾರ ಸಂಜೆ 5 ಗಂಟೆಯೊಳಗೆ ನನಗೆ ಕಳಿಸಿ. ಕಳಿಸುವ ಮೊದಲು ಪ್ರತಿ ಬಿಲ್‌ನ ಮೊತ್ತವನ್ನು ನೀವೇ ಪರಿಶೀಲಿಸಿ. ನೀವು ನಿನ್ನೆ ಕಳಿಸಿದ ಪಟ್ಟಿಯಲ್ಲಿ ಜನರೇಟರ್ ಬಿಲ್ ಇಲ್ಲ. ಪಟ್ಟಿಗೆ ಅದನ್ನು ಸೇರಿಸಿ ಇನ್ನೊಮ್ಮೆ ಕಳಿಸಿ. ಬಿಲ್‌ಗಳನ್ನು ಆಡಿಟರಿಗೆ ನಾನು ಕಳಿಸುತ್ತೇನೆ. ಆಡಿಟರ್ ಒಪ್ಪಿದ ಮೇಲೆ ನಿಮಗೆ ತಿಳಿಸುತ್ತೇನೆ. ಆಗ ಚೆಕ್‌ಗೆ ಮ್ಯಾನೇಜರ್ ಅವರ ಸಹಿ ಹಾಕಿಸಿ.

ನೋಡಿ, ಇಲ್ಲೂ ಒಂದು "ಅದನ್ನು" ಉಳಿದಿದೆ. "ಪಟ್ಟಿಗೆ" ಎಂದು ಪಕ್ಕದಲ್ಲೇ ಇರುವುದರಿಂದ ಅದು ಪಟ್ಟಿ ಆಗಲು ಸಾಧ್ಯವಿಲ್ಲ, ಬಿಲ್ ಒಂದೇ ಉಳಿಯುತ್ತದೆ. ಹೀಗೆ ಒಂದೇ ಅರ್ಥಕ್ಕೆ ದಾರಿ ಇದ್ದಾಗ ಸರ್ವನಾಮ ಬಳಸಲು ಹೆದರಬೇಕಿಲ್ಲ. ಹಳೆಯ ಮೇಲ್‌ಗಿಂತ ಇದು ಉದ್ದ, ನಿಜ. ಆದರೆ ಶನಿವಾರ ಮಾಡಿದ ಫೋನ್ ಉಳಿಯುತ್ತಿತ್ತು. ಈ ಮೇಲ್ ಒಬ್ಬರಿಗೇ ಹೋಗುವುದರಿಂದ "ನೀವು" ನಡೆಯುತ್ತದೆ. ಮೂರು ಶಾಖೆಗೆ ಒಟ್ಟಿಗೆ ಕಳಿಸುವುದಾದರೆ "ನೀವು" ಕೂಡ ಗೊಂದಲವೇ. ಆಗ ಪ್ರತಿ ಕೆಲಸದ ಮುಂದೆ ಆಯಾ ಶಾಖೆಯ ಹೆಸರು ಹಾಕಿ.

ಇಂಥದ್ದೇ ಮೇಲ್ ನಿಮಗೆ ಬಂದರೆ ಏನು ಮಾಡೋದು? "ಅರ್ಥವಾಗಲಿಲ್ಲ, ವಿವರಿಸಿ" ಎಂದು ಬರೆದರೆ ಬಹುಪಾಲು ಅದೇ ವಾಕ್ಯ ತಿರುಗಿ ಬರುತ್ತದೆ, ಏಕೆಂದರೆ ಬರೆದವರಿಗೆ ಅದು ಸ್ಪಷ್ಟವಾಗಿಯೇ ಇದೆ. ಎರಡು ಅರ್ಥವನ್ನೂ ಎದುರಿಗಿಟ್ಟು ಕೇಳಿ: "ಶುಕ್ರವಾರ ಎಂದದ್ದು ಬಿಲ್ ಬರಬೇಕಾದ ದಿನವೋ, ನಾನು ಕಳಿಸಬೇಕಾದ ದಿನವೋ? ಮೊತ್ತ ನಾನು ನೋಡಬೇಕೋ, ನೀವು ನೋಡುತ್ತೀರೋ?" ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ.