ಬರೀ ಚುಕ್ಕಿ ಬಂತಾ? ಹೆಬ್ಬೆರಳಿನ ಬುಡ ನೋಡಿ

ಮೊನ್ನೆ ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ನಿಂತ್ಕೊಂಡೇ ಬರ್ತಿದ್ದೆ, ಒಂದು ಕೈಲಿ ಕಂಬಿ, ಇನ್ನೊಂದ್ರಲ್ಲಿ ಮೊಬೈಲ್. ಮೂಲ್ಕಿ ದಾಟುವಾಗ ಚಿಕ್ಕಮ್ಮನ ಫೋನ್. "ಎಂತ ಮಾರಾಯ, ಬರೀ ಚುಕ್ಕಿ ಕಳಿಸಿದ್ದಿ, ಯಾರಾದ್ರೂ ಹ್ಯಾಕ್ ಮಾಡಿದ್ರಾ?" ನೋಡಿದ್ರೆ ಹೌದು, `...` ಅಂತ ಹೋಗಿ ಕೂತಿದೆ.

ಅವರ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. 2018ರಲ್ಲಿ ಕಪ್ಪು ಚುಕ್ಕೆಯ ಮೆಸೇಜೊಂದು ವಾಟ್ಸಾಪಲ್ಲಿ ಓಡಾಡ್ತಿತ್ತು, ಮುಟ್ಟಿದ್ರೆ ಆಪ್ ನಿಂತೇ ಹೋಗ್ತಿತ್ತು. ಅದರೊಳಗೆ ಕಣ್ಣಿಗೆ ಕಾಣದ ಸಾವಿರಾರು ಅಕ್ಷರಗಳು ತುಂಬಿದ್ವು, ಕರಾಮತ್ತು ಅವುಗಳದ್ದು, ಚುಕ್ಕೆಯದ್ದಲ್ಲ. ನನ್ನ ಚುಕ್ಕಿಯಲ್ಲಿ ಅಂಥದ್ದೆಂತ ಇಲ್ಲ, ಬಲಗೈ ಮಾತ್ರ ಉಂಟು.

ಮೊಬೈಲನ್ನ ಬಲಗೈ ಒಂದ್ರಲ್ಲೇ ಹಿಡಿದು ನೋಡಿ. ಹೆಬ್ಬೆರಳಿನ ಬುಡದ ಮಾಂಸ ಸ್ಕ್ರೀನಿನ ಕೆಳಗಿನ ಬಲ ಮೂಲೆಗೆ ಬಂದು ಒರಗ್ತದೆ. ಸಾಮಾನ್ಯ ಇಂಗ್ಲಿಷ್ ಕೀಬೋರ್ಡಲ್ಲಿ ಚುಕ್ಕಿ ಕೀ ಇರೋದು ಅಲ್ಲೇ, ಸ್ಪೇಸ್ ಬಾರಿನ ಬಲಕ್ಕೆ. ಸ್ಕ್ರೀನಿಗೆ ಒತ್ತಡ ಬೇಡ, ಚರ್ಮ ಹತ್ರ ಬಂದ್ರೆ ಗಾಜಿನಡಿಯ ವಿದ್ಯುತ್ ಕ್ಷೇತ್ರ ಸ್ವಲ್ಪ ಬದಲಾಗ್ತದೆ, ಅಷ್ಟು ಸಾಕು, ಬೆರಳಾ ಅಂಗೈಯಾ ಅಂತ ಸಾಫ್ಟ್‌ವೇರ್ ಊಹಿಸ್ಬೇಕು, ಆ ಊಹೆ ಕೆಲವೊಮ್ಮೆ ತಪ್ತದೆ. ಹಾರ್ಮೋನಿಯಂ ಮೇಲೆ ಮೊಣಕೈ ಇಟ್ಟ ಹಾಗೆ, ನೀವು ನುಡಿಸದಿದ್ರೂ ಸ್ವರ ಹೊರಡ್ತದೆ. ಅಥವಾ ಮಳೆಗಾಲದಲ್ಲಿ ಅಂಗಳದ ನೀರು ತಗ್ಗು ಮೂಲೆಗೇ ಸೇರಿದ ಹಾಗೆ, ಬಸ್ಸು ಕುಲುಕಿದಾಗೆಲ್ಲ ಕೈ ಆ ಮೂಲೆಗೇ ಜಾರ್ತದೆ.

ಆದ್ರೆ ಒತ್ತಿದ್ದು ಹೋಗೋದು ಹೇಗೆ? ಬಾಕ್ಸು ಖಾಲಿ ಇದ್ರೆ ಅದರ ಬಲಕ್ಕೆ ಮೈಕು ಇರ್ತದೆ. ಒಂದು ಚುಕ್ಕಿ ಬಿತ್ತೋ, ಅದೇ ಜಾಗ ಸೆಂಡ್ ಬಟನ್ ಆಗ್ತದೆ. ಹೆಬ್ಬೆರಳಿನ ತುದಿ ನೆಟ್ಟಗಾದ್ರೆ ಮುಟ್ಟೋದು ಅದನ್ನೇ. ಬುಡ ಬರೀತದೆ, ತುದಿ ಪೋಸ್ಟ್ ಮಾಡ್ತದೆ! ಪಕ್ಕದ ಸ್ಪೇಸ್ ಬಾರ್ ಎಷ್ಟು ದೊಡ್ಡದಿದ್ರೂ ಬರೀ ಸ್ಪೇಸನ್ನ ವಾಟ್ಸಾಪ್ ಕಳಿಸೋದಿಲ್ಲ, ಹಾಗಾಗಿ ಸಿಕ್ಕಿಬೀಳೋದು ಚುಕ್ಕಿ.

ಕೈತಪ್ಪಿ ಅಕ್ಷರಗಳೂ ಹೋಗ್ತವೆ, ಇಲ್ಲ ಅಂತಲ್ಲ. ಬರೀ ಚುಕ್ಕಿ, ಅಲ್ಪವಿರಾಮ ಬಂದ್ರೆ ಯಾಕೆ ಅನುಮಾನ ಜಾಸ್ತಿ ಅಂದ್ರೆ, ಬೇಕೂಂತ ಅದನ್ನ ಕಳಿಸುವ ಸಂದರ್ಭವೇ ಕಮ್ಮಿ. ಎರಡೂ ಕಲಸಿ `.,..` ಅಂತ ಬಂದ್ರೆ ನನಗೆ ಸಂಶಯವೇ ಇಲ್ಲ. ಬೇಸರದಲ್ಲಿ `...` ಹಾಕುವವರು ಇದ್ದಾರೆ, ಆದ್ರೆ ಅದಕ್ಕೆ ಮೊದಲು ಒಂದು ಮಾತುಕತೆ ನಡೆದಿರ್ತದೆ. ನಾನೂ ಚಿಕ್ಕಮ್ಮನೂ ಮಾತಾಡಿ ಎರಡು ವಾರ ಆಗಿತ್ತು.

`?` ಕತೆ ಬೇರೆ. ಅದಕ್ಕೆ `?123` ಒತ್ತಿ ಪೇಜ್ ಬದಲಿಸ್ಬೇಕು, ಇಲ್ಲ ಚುಕ್ಕಿ ಕೀಯನ್ನ ಹಿಡಿದು ಆರಿಸ್ಬೇಕು, ಅಂಗೈ ಅಷ್ಟೆಲ್ಲ ಮಾಡೋದು ಅಪರೂಪ. ಮರುದಿನ ಬೆಳಿಗ್ಗೆ ಚಿಕ್ಕಮ್ಮನಿಂದ `?` ಬಂತು. ಬಸ್ಸಿಳಿದು ಫೋನ್ ಮಾಡ್ತೇನೆ ಅಂದಿದ್ದೆ, ಮಾಡಿರ್ಲಿಲ್ಲ.